ಊರಿನ ಫ್ಲ್ಯಾಟ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್: ಅಸೋಸಿಯೇಷನ್‌ಗೆ ಏನಂತ ಬರೆಯಬೇಕು?

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಹಲವರು ಬೆಂಗಳೂರಿನಲ್ಲೋ ಮೈಸೂರು, ಮಂಗಳೂರಿನಲ್ಲೋ ಸಾಲ ಮಾಡಿ ಒಂದು ಫ್ಲ್ಯಾಟ್ ತಗೊಂಡಿದ್ದೇವೆ. ಅಲ್ಲಿ ಇರೋದು ಹೆಂಡತಿ ಮಕ್ಕಳು, ಇಲ್ಲವೇ ಅಪ್ಪ ಅಮ್ಮ, ಇಲ್ಲವೇ ಬಾಡಿಗೆದಾರರು. ಮನೆಗೆ ಎಲೆಕ್ಟ್ರಿಕ್ ಸ್ಕೂಟರ್ ಬಂದ ಮೇಲೆ ಒಂದು ಪ್ರಶ್ನೆ ಎದುರಾಗುತ್ತೆ: ಚಾರ್ಜ್‌ಗೆ ಎಲ್ಲಿ ಹಾಕೋದು? ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಕೇಳಿದರೆ ಸೆಕ್ರೆಟರಿ ಹೇಳೋದು ಒಂದೇ ಮಾತು, “ಓನರ್ ಕಡೆಯಿಂದ ಲೆಟರ್ ಬರಲಿ.” ಓನರ್ ಅಂದರೆ ದುಬೈಯಲ್ಲೋ ಕುವೈತ್‌ನಲ್ಲೋ ಇರುವ ನೀವು.

“ದಯವಿಟ್ಟು ಒಂದು ಚಾರ್ಜಿಂಗ್ ಪಾಯಿಂಟ್ ಕೊಡಿ” ಅಂತ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸಾಲು ಹಾಕಿದರೆ ಸಾಮಾನ್ಯವಾಗಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಹತ್ತು ಜನ ಹತ್ತು ಮಾತು ಹೇಳ್ತಾರೆ, ಒಬ್ಬರು ಸ್ಕೂಟರ್ ಉರಿಯುವ ವಿಡಿಯೊ ಹಾಕ್ತಾರೆ, ವಿಷಯ ಅಲ್ಲಿಗೇ ನಿಲ್ಲುತ್ತೆ. ಅದಕ್ಕೆ ಕಾರಣ ಕಮಿಟಿಯವರ ಕೆಟ್ಟತನ ಅಲ್ಲ. ಅವರಿಗೆ ಮೂರು ವಿಷಯ ತಿಳಿಯದೆ ಹೂಂ ಅನ್ನಲು ಆಗೋದಿಲ್ಲ. ಕರೆಂಟು ಯಾರ ಮೀಟರಿನಿಂದ ಬರುತ್ತೆ? ಕೆಲಸ ಯಾವ ರೀತಿ ಮಾಡಿಸ್ತೀರಿ? ನಾಳೆ ಏನಾದರೂ ಆದರೆ ಹೊಣೆ ಯಾರು? ಈ ಮೂರಕ್ಕೂ ಉತ್ತರ ಬರೆದೇ ಕಳಿಸಿದ ಪತ್ರವನ್ನು ಕಮಿಟಿ ಒಂದೇ ಸಭೆಯಲ್ಲಿ ತೀರ್ಮಾನ ಮಾಡಬಹುದು. ಆ ಪತ್ರ ಹೇಗೆ ತಯಾರಿಸೋದು ಅನ್ನೋದೇ ಈ ಲೇಖನ. ನಾನು ವೃತ್ತಿಯಲ್ಲಿ ಅಕೌಂಟೆಂಟ್. ಲೆಕ್ಕದ ಭಾಗ ನೀವೇ ಮಾಡಿಕೊಳ್ಳಬಹುದು. ವೈರಿಂಗ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರೇ ಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಶಾರ್ಜಾದಲ್ಲಿ ಎಸಿ ಮೆಕ್ಯಾನಿಕ್ ಆಗಿರುವ ಒಬ್ಬರು. ಅವರ ಫ್ಲ್ಯಾಟ್ ಬೆಂಗಳೂರಿನ ಯಲಹಂಕ ಕಡೆ, 32 ಮನೆಗಳ ಕಟ್ಟಡದ ಎರಡನೇ ಮಹಡಿಯಲ್ಲಿ. ಹೆಂಡತಿ ನರ್ಸ್. ಆಸ್ಪತ್ರೆಗೆ ಹೋಗಿ ಬರೋಕೆ ದಿನಕ್ಕೆ 28 ಕಿಲೋಮೀಟರ್, ತಿಂಗಳಿಗೆ 26 ದಿನ. ಸ್ಕೂಟರಿನ ಬ್ಯಾಟರಿ 3 ಕಿಲೋವ್ಯಾಟ್ ಅವರ್, ಜೊತೆಗೆ ಬಂದ ಚಾರ್ಜರ್ 750 ವ್ಯಾಟ್. ಮಾರುಕಟ್ಟೆಯಲ್ಲಿರುವ ಸಾಧಾರಣ ಸ್ಕೂಟರುಗಳು ಹೆಚ್ಚುಕಮ್ಮಿ ಇದೇ ಅಳತೆಯವು. ನಿಮ್ಮದು ಎಷ್ಟು ಅಂತ ಚಾರ್ಜರಿನ ಮೇಲಿರುವ ಸ್ಟಿಕರ್ ನೋಡಿದರೆ ತಿಳಿಯುತ್ತೆ. ಮನೆಯವರಿಗೆ ಹೇಳಿ ಅದರದ್ದೊಂದು ಫೋಟೊ ತರಿಸಿಕೊಳ್ಳಿ.

ಮೊದಲು ಕರೆಂಟಿನ ಲೆಕ್ಕ. ಇಂಥ ಸ್ಕೂಟರ್ ಒಂದು ಕಿಲೋಮೀಟರಿಗೆ ಸುಮಾರು 35 ವ್ಯಾಟ್ ಅವರ್ ತಗೊಳ್ಳುತ್ತೆ ಅಂತ ಇಟ್ಟುಕೊಳ್ಳೋಣ. 28 ಕಿಲೋಮೀಟರಿಗೆ 980, ಅಂದರೆ ಹತ್ತಿರ ಹತ್ತಿರ ಒಂದು ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವ ಭಾಗ ಸೇರಿಸಿದರೆ ದಿನಕ್ಕೆ ಸುಮಾರು 1.15 ಯೂನಿಟ್. 26 ದಿನಕ್ಕೆ 30 ಯೂನಿಟ್. ಚಾರ್ಜರ್ 750 ವ್ಯಾಟ್ ಆದ್ದರಿಂದ ದಿನಕ್ಕೆ ಒಂದೂವರೆ ಗಂಟೆ ಹಾಕಿದರೆ ಸಾಕು. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ನಾಲ್ಕೂವರೆ ಗಂಟೆ ಮೇಲೆ ಬೇಕು.

ಈ ಎರಡು ಅಂಕಿ ಪತ್ರದಲ್ಲಿ ಇರಲೇಬೇಕು: 750 ವ್ಯಾಟ್, ತಿಂಗಳಿಗೆ 30 ಯೂನಿಟ್. ಯಾಕೆಂದರೆ “ಎಲೆಕ್ಟ್ರಿಕ್ ವಾಹನ” ಅಂದ ಕೂಡಲೇ ಕಮಿಟಿಯವರ ತಲೆಯಲ್ಲಿ ಬರೋದು ಕಾರು ಚಾರ್ಜ್ ಮಾಡುವ ದೊಡ್ಡ ಪೆಟ್ಟಿಗೆ. ಸ್ಕೂಟರ್ ಚಾರ್ಜರ್ ಎಳೆಯೋದು ಸುಮಾರು ಮೂರೂಕಾಲು ಆಂಪಿಯರ್. ಬಾತ್‌ರೂಮಿನ 2000 ವ್ಯಾಟ್ ಗೀಸರ್ ಅದರ ಎರಡೂವರೆ ಪಟ್ಟು ಎಳೆಯುತ್ತೆ. ವ್ಯತ್ಯಾಸ ಇರೋದು ಸಮಯದಲ್ಲಿ. ಗೀಸರ್ ಹದಿನೈದು ನಿಮಿಷ ಓಡುತ್ತೆ, ಚಾರ್ಜರ್ ಯಾರೂ ನೋಡದ ಹೊತ್ತಿನಲ್ಲಿ ಗಂಟೆಗಟ್ಟಲೆ ಓಡುತ್ತೆ. ಅಪಾಯದ ಮೂಲ ಇರೋದು ಇಲ್ಲೇ.

ಪ್ರತ್ಯೇಕ ಪಾಯಿಂಟ್ ಯಾಕೆ ಬೇಕು

ಪಾಯಿಂಟ್ ಸಿಗದಿದ್ದಾಗ ಮನೆಯವರು ಮಾಡುವ ಉಪಾಯ ಮೂರು. ಬಾಲ್ಕನಿಯಿಂದ ಕೆಳಗೆ ವೈರ್ ಇಳಿಬಿಡೋದು. ಪಾರ್ಕಿಂಗ್‌ನ ಲೈಟ್ ಸಾಲಿನಲ್ಲಿರುವ ಚಿಕ್ಕ ಪ್ಲಗ್‌ಗೆ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕೋದು. ಬ್ಯಾಟರಿ ಬಿಚ್ಚಿ ತೆಗೆಯುವಂಥದ್ದಾದರೆ ಮನೆಯೊಳಗೆ ತಂದು ಬಾಗಿಲ ಪಕ್ಕ ಚಾರ್ಜ್‌ಗೆ ಇಡೋದು. ಮೂರೂ ಬೇಡ.

ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಕೆಡೋದು ವೈರಿಗಿಂತ ಹೆಚ್ಚಾಗಿ ಪಿನ್ನು ಕೂರುವ ಜಾಗ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತೆ. ಬಿಸಿಯಾದಂತೆ ಪಟ್ಟಿ ಇನ್ನೂ ಸಡಿಲವಾಗುತ್ತೆ, ಬಿಸಿ ಇನ್ನೂ ಏರುತ್ತೆ. ಕರೆಂಟು ಮಾಮೂಲಿನಷ್ಟೇ ಹರಿಯುವುದರಿಂದ ಎಂಸಿಬಿ ಟ್ರಿಪ್ ಆಗೋದಿಲ್ಲ. ಎಂಸಿಬಿಗೆ ಗೊತ್ತಾಗೋದು ಹೆಚ್ಚು ಕರೆಂಟು ಹರಿದಾಗ ಮಾತ್ರ, ಸಡಿಲ ಪಿನ್ನು ಅದಕ್ಕೆ ಕಾಣಿಸೋದಿಲ್ಲ. ಮನೆಯವರು ಹೀಗೆ ಗುರುತಿಸಬಹುದು: ಪ್ಲಗ್ ಕೀಳುವಾಗ ಪಿನ್ನು ಮುಟ್ಟಲಾರದಷ್ಟು ಬಿಸಿ ಇರುತ್ತೆ, ರಂಧ್ರದ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತೆ, ಮೀನು ಹುರಿದಂಥ ಕೆಟ್ಟ ವಾಸನೆ ಬರುತ್ತೆ. ಇದರಲ್ಲಿ ಒಂದು ಕಂಡರೂ ಆ ಪ್ಲಗ್ ಮತ್ತೆ ಬಳಸಬಾರದು.

ಬಾಲ್ಕನಿಯಿಂದ ಇಳಿಬಿಟ್ಟ ವೈರಿಗೆ ಮಳೆ, ಬಿಸಿಲು, ಕಿಟಕಿ ಅಂಚು ಮೂರರ ಕಾಟ. ಬ್ಯಾಟರಿಯನ್ನು ಬಾಗಿಲ ಪಕ್ಕ ಇಟ್ಟರೆ ಅಪಾಯ ಬೇರೆ ತರಹದ್ದು. ಅದಕ್ಕೆ ಬೆಂಕಿ ಹತ್ತಿದರೆ ಮನೆಯವರು ಹೊರಗೆ ಓಡಬೇಕಾದ ದಾರಿಯೇ ಮುಚ್ಚಿಹೋಗುತ್ತೆ. ಸರಿಯಾದ ಪಾಯಿಂಟ್ ಒಂದಿದ್ದರೆ ಈ ಮೂರೂ ನಿಲ್ಲುತ್ತೆ. ಪತ್ರದಲ್ಲಿ ಇದನ್ನು “ನಮಗೆ ಅನುಕೂಲ” ಅಂತ ಬರೆಯೋ ಬದಲು “ಕಟ್ಟಡದ ಸುರಕ್ಷತೆ” ಅಂತಲೇ ಬರೆಯಿರಿ. ಅದು ನಿಜವೂ ಹೌದು.

ಕರೆಂಟು ಯಾರ ಮೀಟರಿನಿಂದ?

ಪತ್ರದ ಜೀವ ಇರೋದು ಈ ಪ್ರಶ್ನೆಯಲ್ಲಿ. ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಎಲ್ಲ ಮನೆಗಳ ಮೀಟರುಗಳೂ ಕೆಳಗೆ ಒಂದೇ ಪ್ಯಾನೆಲ್ ರೂಮಿನಲ್ಲಿ ಇರುತ್ತವೆ. ನಿಮ್ಮ ಮೀಟರೂ ಅಲ್ಲೇ, ನಿಮ್ಮ ಆರ್‌ಆರ್ ನಂಬರ್ ಬರೆದುಕೊಂಡು. ಹಾಗಾಗಿ ಎರಡನೇ ಮಹಡಿಯಿಂದ ವೈರ್ ತರುವ ಅಗತ್ಯ ಇಲ್ಲ. ನಿಮ್ಮ ಮೀಟರ್ ದಾಟಿದ ಮೇಲೆ ಒಂದು ಕವಲು ತೆಗೆದು, ಅದಕ್ಕೆ ಬೇರೆ ಎಂಸಿಬಿ ಹಾಕಿ, ಪೈಪಿನಲ್ಲಿ ನಿಮ್ಮ ಪಾರ್ಕಿಂಗ್ ಜಾಗದ ಗೋಡೆಗೋ ಕಂಬಕ್ಕೋ ತರಬಹುದು. ಖರ್ಚಾದ ಪ್ರತಿ ಯೂನಿಟ್ಟೂ ನಿಮ್ಮದೇ ಬೆಸ್ಕಾಂ ಬಿಲ್ಲಿಗೆ ಬೀಳುತ್ತೆ. (ಮೈಸೂರಲ್ಲಿ ಸೆಸ್ಕ್, ಮಂಗಳೂರಲ್ಲಿ ಮೆಸ್ಕಾಂ.) ಬೇರೆ ಮನೆಯವರ ಮೆಂಟೆನೆನ್ಸ್ ಹಣ ಒಂದು ಪೈಸೆಯೂ ಸೇರೋದಿಲ್ಲ. ಈ ಒಂದು ಮಾತು ಅರ್ಧ ತಕರಾರನ್ನು ಮುಗಿಸುತ್ತೆ.

ಕೇಂದ್ರ ಸರ್ಕಾರದ ವಿದ್ಯುತ್ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ವಾಹನದ ಮಾಲೀಕರು ಮನೆಯಲ್ಲಿ ಈಗಾಗಲೇ ಇರುವ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಅಂತ ಹೇಳಿದೆ. ಇದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿ. ಆದರೆ ಇದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಮೀಟರ್ ನಿಮ್ಮದಾದರೂ ಪೈಪ್ ಹಾದುಹೋಗುವ ಗೋಡೆ, ಪ್ಯಾನೆಲ್ ರೂಮು ಎಲ್ಲರಿಗೂ ಸೇರಿದ್ದು. ಅಲ್ಲಿ ಡ್ರಿಲ್ ಇಡಬೇಕಾದರೆ ಒಪ್ಪಿಗೆ ಬೇಕು. ನೀವು ಕೇಳುತ್ತಿರೋದು ಆ ಒಪ್ಪಿಗೆಯನ್ನು.

ಬಿಲ್ಲಿನ ವಿಷಯದಲ್ಲಿ ಮನೆಯವರಿಗೆ ಹೇಳಬೇಕಾದ ಮಾತು ಒಂದಿದೆ. ಗೃಹಜ್ಯೋತಿ ಯೋಜನೆಯಲ್ಲಿ ಇದ್ದರೆ ಈ 30 ಯೂನಿಟ್ ಲೆಕ್ಕಕ್ಕೆ ಬರುತ್ತೆ. ಉದಾಹರಣೆಗೆ ನಿಮ್ಮ ಮನೆಗೆ ಅರ್ಹತೆ ಇರೋದು 165 ಯೂನಿಟ್, ಈಗ ಖರ್ಚಾಗ್ತಿರೋದು 150 ಅಂತ ಇಟ್ಟುಕೊಳ್ಳಿ. ಸ್ಕೂಟರ್ ಸೇರಿ 180 ಆಗುತ್ತೆ. ಹೆಚ್ಚಾದ 15 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಬೇಕು. ಆದರೆ ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ. ಈಗಲೇ 175, 180 ಯೂನಿಟ್ ಬರ್ತಿರುವ ಮನೆಗೆ ಸ್ಕೂಟರಿನ ನಿಜವಾದ ಖರ್ಚು 30 ಯೂನಿಟ್ ಅಲ್ಲ, ಇಡೀ ಬಿಲ್ಲು. ಹಾಗಾಗಿ ಹಿಂದಿನ ಹನ್ನೆರಡು ಬಿಲ್ಲು ತೆಗೆದು ನೋಡಿ, ಆಮೇಲೆ ಯಾವ ಮೀಟರ್ ಅಂತ ನಿರ್ಧಾರ ಮಾಡಿ.

ಮೀಟರುಗಳು ಕೆಳಗಿಲ್ಲದೆ ಆಯಾ ಮಹಡಿಯಲ್ಲೇ ಇದ್ದರೆ, ಇಲ್ಲವೇ ನಿಮ್ಮ ಪಾರ್ಕಿಂಗ್ ತುಂಬ ದೂರ ಇದ್ದರೆ, ಎರಡನೇ ದಾರಿ ಕಾಮನ್ ಮೀಟರ್. ಅಲ್ಲಿಂದ ಲೈನ್ ತಗೊಂಡು ನಿಮ್ಮ ಪಾಯಿಂಟ್‌ಗೆ ಒಂದು ಸಬ್‌ಮೀಟರ್ ಹಾಕಿಸೋದು. ಇಲ್ಲಿ ದರ ಎಷ್ಟು ಅನ್ನೋದರ ಮೇಲೆ ಜಗಳ ಬರುತ್ತೆ. ನ್ಯಾಯವಾದ ಸೂತ್ರ ಸುಲಭ: ಆ ತಿಂಗಳ ಕಾಮನ್ ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಿ. ಬಿಲ್ 18,400 ರೂಪಾಯಿ, ಯೂನಿಟ್ 2,000 ಆದರೆ ಯೂನಿಟ್‌ಗೆ 9 ರೂಪಾಯಿ 20 ಪೈಸೆ. ನಿಮ್ಮ 30 ಯೂನಿಟ್‌ಗೆ 276 ರೂಪಾಯಿ. ಹೀಗೆ ಮಾಡಿದರೆ ನಿಗದಿತ ಶುಲ್ಕ, ತೆರಿಗೆ ಎಲ್ಲದರಲ್ಲೂ ನಿಮ್ಮ ಪಾಲು ತಾನಾಗಿ ಸೇರುತ್ತೆ. ಅಸೋಸಿಯೇಷನ್‌ಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. “ತಿಂಗಳಿಗೆ 500 ಕೊಡಿ” ಅನ್ನುವ ಸುತ್ತು ಲೆಕ್ಕಕ್ಕೆ ಒಪ್ಪಬೇಡಿ. ಕಮ್ಮಿ ಓಡಿಸಿದ ತಿಂಗಳು ನಿಮಗೆ ಹೊರೆ, ಜಾಸ್ತಿ ಓಡಿಸಿದ ತಿಂಗಳು ನೆರೆಯವರಿಗೆ ಅನುಮಾನ.

ಕೆಲಸ ಹೇಗೆ ಆಗಬೇಕು

ಪತ್ರದಲ್ಲಿ ಕೆಲಸದ ವಿವರ ನಾಲ್ಕೈದು ಸಾಲು ಇರಲಿ. ಅದನ್ನು ಬರೆಯುವ ಮುಂಚೆ ಕಾಂಟ್ರಾಕ್ಟರ್ ಜಾಗ ನೋಡಿ ಕೊಟೇಷನ್ ಕೊಟ್ಟಿರಬೇಕು. ನೀವು ಅವರಿಂದ ಕೇಳಬೇಕಾದ್ದು ಇಷ್ಟು.

ಎಂಸಿಬಿ ಮೀಟರ್ ಕಡೆ ಇರಬೇಕು, ಪ್ಲಗ್ ಕಡೆ ಮಾತ್ರ ಇದ್ದರೆ ಸಾಲದು. ಪಾರ್ಕಿಂಗ್‌ನಲ್ಲಿ ಯಾರೋ ಮೊಳೆ ಹೊಡೆದು ವೈರ್ ಕೊರೆದರೆ, ಆ ವೈರಿಗಿಂತ ಹಿಂದೆ ಇರುವ ಎಂಸಿಬಿಯೇ ಅದನ್ನು ಕಾಯೋದು. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಹಳಬರು ಇದನ್ನು ಇಎಲ್‌ಸಿಬಿ ಅಂತಲೇ ಕರೀತಾರೆ. ಒದ್ದೆ ನೆಲದಲ್ಲಿ ನಿಂತು ಯಾರಾದರೂ ಲೈವ್ ಮುಟ್ಟಿದರೆ ಕ್ಷಣದಲ್ಲಿ ಕರೆಂಟು ಕಡಿಯುವುದು ಇದೇ.

ವೈರ್ ತಾಮ್ರದ್ದೇ ಆಗಿರಲಿ. 2.5 ಸ್ಕ್ವೇರ್ ಎಂಎಂಗಿಂತ ಸಣ್ಣದು ಬೇಡ. 30, 40 ಮೀಟರ್ ದೂರ ಇದ್ದರೆ 4 ಸ್ಕ್ವೇರ್ ಎಂಎಂ ಹಾಕಿಸಿ. ನಡುವೆ ಎಲ್ಲೂ ಜಾಯಿಂಟ್ ಇರಬಾರದು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ನಿಮ್ಮ ಮೀಟರ್ ಬೋರ್ಡಿನಿಂದಲೇ ಬರಬೇಕು. ಕೆಲಸ ಸುಲಭ ಆಗಲಿ ಅಂತ ಕೆಲವರು ಫೇಸ್ ಮಾತ್ರ ತಂದು, ನ್ಯೂಟ್ರಲ್ಲನ್ನು ಹತ್ತಿರದ ಪಾರ್ಕಿಂಗ್ ಲೈಟಿನಿಂದ ತಗೊಳ್ತಾರೆ. ಹಾಗೆ ಮಾಡಿದರೆ ಆರ್‌ಸಿಸಿಬಿ ಚಾರ್ಜ್‌ಗೆ ಹಾಕಿದ ಕೂಡಲೇ ಟ್ರಿಪ್ ಆಗುತ್ತೆ. ಆಗ “ಆರ್‌ಸಿಸಿಬಿ ಸರಿ ಇಲ್ಲ, ತೆಗೆದುಬಿಡೋಣ” ಅಂತ ಹೇಳಿದರೆ ಒಪ್ಪಬೇಡಿ, ತಪ್ಪು ಇರೋದು ನ್ಯೂಟ್ರಲ್ಲಿನಲ್ಲಿ.

ಪ್ಲಗ್ ಪಾಯಿಂಟ್ 16 ಆಂಪಿಯರ್‌ದು, ಐಎಸ್ 1293 ಗುರುತು ಇರುವಂಥದ್ದು. ಮೂರೂಕಾಲು ಆಂಪಿಯರಿಗೆ 6 ಆಂಪಿಯರ್ ಪ್ಲಗ್ ಸಾಕಲ್ಲ ಅಂತ ಕೇಳಬಹುದು. ದೊಡ್ಡ ಪ್ಲಗ್ಗಿನ ಪಿನ್ನು ದಪ್ಪ, ಹಿಡಿತ ಗಟ್ಟಿ. ದಿನಾ ಹಾಕಿ ತೆಗೆದರೂ ಬೇಗ ಸಡಿಲವಾಗೋದಿಲ್ಲ. ದೊಡ್ಡ ಪಿನ್ನಿನ ಚಾರ್ಜರನ್ನು ಚಿಕ್ಕ ಪ್ಲಗ್‌ಗೆ ಕೂರಿಸುವ ಅಡಾಪ್ಟರ್ ಅಂತೂ ಬೇಡವೇ ಬೇಡ. ಪಾಯಿಂಟನ್ನು ಮುಚ್ಚಳ ಇರುವ, ನೀರು ಹೋಗದ ಪೆಟ್ಟಿಗೆಯೊಳಗೆ ಹಾಕಿಸಿ. ಪಾರ್ಕಿಂಗ್ ತೊಳೆಯುವ ನೀರು ಹಾರದಷ್ಟು ಎತ್ತರದಲ್ಲಿರಲಿ, ಬೀಗ ಇರಲಿ.

ಜಾಗದ ವಿಷಯ: ಮೆಟ್ಟಿಲ ಕೆಳಗೆ, ಲಿಫ್ಟ್ ಬಾಗಿಲ ಹತ್ತಿರ, ಗ್ಯಾಸ್ ಪೈಪ್ ಅಥವಾ ಡೀಸೆಲ್ ಜನರೇಟರ್ ಪಕ್ಕ ಬೇಡ. ಬೆಂಕಿ ಬಿದ್ದರೆ ಜನ ಇಳಿದು ಬರುವ ದಾರಿ ಅದು. ನಿಮ್ಮ ಪಾರ್ಕಿಂಗ್ ಜಾಗವೇ ಹಾಗಿದ್ದರೆ ಬೇರೆ ಮೂಲೆಯಲ್ಲಿ ಜಾಗ ಕೇಳಿ.

ಜನರೇಟರ್ ಬಗ್ಗೆ ಒಂದು ಮಾತು. ನಿಮ್ಮ ಕವಲನ್ನು ಜನರೇಟರ್ ಲೈನ್ ಸೇರುವ ಜಾಗಕ್ಕಿಂತ ಮುಂಚೆಯೇ ತೆಗೆಯಬೇಕು. ಆಗ ಕರೆಂಟು ಹೋದಾಗ ಚಾರ್ಜಿಂಗ್ ತಾನಾಗಿ ನಿಲ್ಲುತ್ತೆ, ಎಲ್ಲರ ಡೀಸೆಲ್ಲಿನಲ್ಲಿ ನಿಮ್ಮ ಸ್ಕೂಟರ್ ಚಾರ್ಜ್ ಆಗೋದಿಲ್ಲ. ಕಮಿಟಿಯವರು ಕೇಳುವ ಮುಂಚೆ ಇದನ್ನು ನೀವೇ ಬರೆದರೆ ಅವರಿಗೆ ನಂಬಿಕೆ ಬರುತ್ತೆ.

ಮಂಜೂರಾದ ಲೋಡ್ ಎಷ್ಟು ಅಂತ ನಿಮ್ಮ ಬಿಲ್ಲಿನಲ್ಲೇ ಇರುತ್ತೆ. 3 ಕಿಲೋವ್ಯಾಟ್ ಇದ್ದರೆ ಗೀಸರ್ 2, ಇಸ್ತ್ರಿ ಪೆಟ್ಟಿಗೆ 1, ಅದರ ಮೇಲೆ ಚಾರ್ಜರ್ 0.75 ಒಟ್ಟಿಗೆ ಓಡಿದರೆ ಮೀರುತ್ತೆ. ರಾತ್ರಿ 11ರ ಮೇಲೆ ಚಾರ್ಜ್‌ಗೆ ಹಾಕುವ ಮನೆಗೆ ಈ ತೊಂದರೆ ಬಾರದು. ಬೆಳಿಗ್ಗೆ ಹಾಕಲೇಬೇಕಾದವರು ಲೋಡ್ ಹೆಚ್ಚಿಸಿಕೊಳ್ಳೋದು ಒಳ್ಳೆಯದು.

ಪತ್ರದ ಮಾದರಿ

ಮೇಲಿನ ಶಾರ್ಜಾದ ಉದಾಹರಣೆಗೆ ತಕ್ಕಂತೆ ಬರೆದ ಪತ್ರ ಇದು. ಅಂಕಿಗಳನ್ನು ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ. ಅಸೋಸಿಯೇಷನ್ ದಾಖಲೆಯಲ್ಲಿ ಇರುವ ನಿಮ್ಮ ಇ-ಮೇಲ್‌ನಿಂದಲೇ ಕಳಿಸಿ. ಓನರ್ ಬರೆದದ್ದು ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ. ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಇ-ಮೇಲ್ ಕಳಿಸಿದ್ದೇನೆ ಅಂತ ಸೆಕ್ರೆಟರಿಯವರಿಗೆ ಮಾತ್ರ ಒಂದು ಮೆಸೇಜ್ ಸಾಕು.

ವಿಷಯ: ಎ-204, ಪಾರ್ಕಿಂಗ್ ಪಿ-17ರಲ್ಲಿ ಸ್ವಂತ ಮೀಟರಿನಿಂದ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ಅನುಮತಿ ಕೋರಿ

ಮಾನ್ಯ ಕಾರ್ಯದರ್ಶಿಗಳೇ, ನಮಸ್ಕಾರ.

ನಾನು ಎ-204ರ ಮಾಲೀಕ. ಸದ್ಯ ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ. ಮನೆಯಲ್ಲಿ ನನ್ನ ಪತ್ನಿ ಮತ್ತು ಮಕ್ಕಳು ವಾಸವಿದ್ದಾರೆ. ಪತ್ನಿ ಕೆಲಸಕ್ಕೆ ಹೋಗಿ ಬರಲು ಎಲೆಕ್ಟ್ರಿಕ್ ಸ್ಕೂಟರ್ ಬಳಸುತ್ತಾರೆ. ಎಕ್ಸ್‌ಟೆನ್ಶನ್ ವೈರ್ ಬಳಸಿ ಚಾರ್ಜ್ ಮಾಡುವುದು ನಮ್ಮ ಮನೆಗೂ ಕಟ್ಟಡಕ್ಕೂ ಅಪಾಯ. ಆದ್ದರಿಂದ ನಮ್ಮ ಪಾರ್ಕಿಂಗ್ ಜಾಗದಲ್ಲಿ ಒಂದು ಪ್ರತ್ಯೇಕ 16 ಆಂಪಿಯರ್ ಪ್ಲಗ್ ಪಾಯಿಂಟ್ ಹಾಕಿಸಲು ಅನುಮತಿ ಕೋರುತ್ತೇನೆ.

ಕರೆಂಟು: ಪ್ಯಾನೆಲ್ ರೂಮಿನಲ್ಲಿರುವ ನಮ್ಮದೇ ಮೀಟರಿನಿಂದ (ಆರ್‌ಆರ್ ನಂಬರ್ ಇರುವ ಬಿಲ್ ಲಗತ್ತಿಸಿದೆ). ಚಾರ್ಜರ್ 750 ವ್ಯಾಟ್, ತಿಂಗಳಿಗೆ ಅಂದಾಜು 30 ಯೂನಿಟ್. ಕಾಮನ್ ಬಿಲ್ಲಿಗಾಗಲೀ ಜನರೇಟರಿಗಾಗಲೀ ಸೇರುವುದಿಲ್ಲ. ಮನೆಯಲ್ಲಿರುವ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಸೆಪ್ಟೆಂಬರ್‌ನ ಮಾರ್ಗಸೂಚಿಯಲ್ಲಿ ಅವಕಾಶವಿದೆ.

ಕೆಲಸ: ಲೈಸೆನ್ಸ್ ಹೊಂದಿದ ಕಾಂಟ್ರಾಕ್ಟರ್ ಮಾಡುತ್ತಾರೆ. ಮೀಟರ್ ಕಡೆ 16 ಆಂಪಿಯರ್ ಎಂಸಿಬಿ ಮತ್ತು 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಲ್ಲಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸುಮಾರು 35 ಮೀಟರ್, ಪೂರ್ತಿ ಪೈಪಿನಲ್ಲಿ, ಅರ್ಥಿಂಗ್ ಸಹಿತ. ಪಾಯಿಂಟ್ ಬೀಗ ಇರುವ ಪೆಟ್ಟಿಗೆಯಲ್ಲಿರುತ್ತದೆ. ಪೈಪ್ ಹೋಗುವ ದಾರಿಯ ಫೋಟೊ ಲಗತ್ತಿಸಿದೆ. ಅಸೋಸಿಯೇಷನ್‌ನ ಎಲೆಕ್ಟ್ರಿಷಿಯನ್ ಮುಂದೆಯೇ ಕೆಲಸ ಮಾಡಿಸುತ್ತೇವೆ.

ಹೊಣೆ: ಎಲ್ಲ ಖರ್ಚು ನನ್ನದು. ಗೋಡೆಗೆ ಆದ ಹಾನಿ ಸರಿಪಡಿಸಿಕೊಡುತ್ತೇನೆ. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟ್ ಅಂಕಿ ಸಹಿತ ಕಾಂಟ್ರಾಕ್ಟರ್ ವರದಿಯನ್ನು ಕೊಡುತ್ತೇನೆ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ. ಈ ಪಾಯಿಂಟ್‌ನಿಂದ ಅಪಾಯ ಕಂಡುಬಂದರೆ ಎಂಸಿಬಿ ಆಫ್ ಮಾಡುವ ಅಧಿಕಾರ ಅಸೋಸಿಯೇಷನ್‌ಗೆ ಇರಲಿ. ನಮಗೆ ಕೂಡಲೇ ತಿಳಿಸಿದರೆ ಸಾಕು.

ನಾನು ಊರಿನಲ್ಲಿ ಇಲ್ಲದ ಕಾರಣ ಈ ಕೆಲಸಕ್ಕೆ ಸಹಿ ಮಾಡಲು, ಸಭೆಯಲ್ಲಿ ಉತ್ತರಿಸಲು ನನ್ನ ಪತ್ನಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಮುಂದಿನ ಕಮಿಟಿ ಸಭೆಯಲ್ಲಿ ಇದನ್ನು ತೆಗೆದುಕೊಂಡು ತೀರ್ಮಾನವನ್ನು ಇ-ಮೇಲ್ ಮೂಲಕ ತಿಳಿಸಬೇಕಾಗಿ ವಿನಂತಿ. ಬದಲಾವಣೆ ಬೇಕಿದ್ದರೆ ಯಾವುದು ಎಂದು ತಿಳಿಸಿದರೆ ಅದರಂತೆ ತಿದ್ದಿ ಕಳಿಸುತ್ತೇನೆ.

ಲಗತ್ತು: ವಿದ್ಯುತ್ ಬಿಲ್, ಕ್ರಯಪತ್ರದಲ್ಲಿ ಪಾರ್ಕಿಂಗ್ ನಮೂದಾದ ಪುಟ, ವಾಹನದ ಆರ್‌ಸಿ, ಚಾರ್ಜರ್ ಸ್ಟಿಕರಿನ ಫೋಟೊ, ಕಾಂಟ್ರಾಕ್ಟರ್ ಕೊಟೇಷನ್ ಮತ್ತು ಲೈಸೆನ್ಸ್ ಪ್ರತಿ, ಪೈಪ್ ಹೋಗುವ ದಾರಿಯ ಫೋಟೊ.

ಪತ್ರ ಇಲ್ಲಿಗೆ ಮುಗಿಯಿತು. ಆಧಾರ್, ಪಾಸ್‌ಪೋರ್ಟ್, ವೀಸಾ ಪ್ರತಿ ಯಾವುದೂ ಇದಕ್ಕೆ ಬೇಕಿಲ್ಲ, ಕಳಿಸಬೇಡಿ. ಕ್ರಯಪತ್ರದಲ್ಲೂ ಒಂದು ಪುಟ ಸಾಕು. ಮನೆ ಬಾಡಿಗೆಗೆ ಕೊಟ್ಟಿದ್ದು, ಸ್ಕೂಟರ್ ಬಾಡಿಗೆದಾರರದ್ದಾದರೆ ಪತ್ರ ನಿಮ್ಮ ಹೆಸರಿನಲ್ಲೇ ಹೋಗಲಿ. ಆದರೆ ಕೆಲಸದ ಖರ್ಚು ಯಾರದ್ದು, ಅವರು ಮನೆ ಬಿಟ್ಟಾಗ ಪಾಯಿಂಟ್ ಯಾರಿಗೆ ಉಳಿಯುತ್ತೆ ಅನ್ನೋದನ್ನು ಅವರ ಹತ್ತಿರ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ.

ಸಭೆಯಲ್ಲಿ ಬರುವ ಪ್ರಶ್ನೆಗಳು

ಕಮಿಟಿ ಸಭೆ ಹೆಚ್ಚಾಗಿ ಭಾನುವಾರ ಬೆಳಿಗ್ಗೆ ಇರುತ್ತೆ. ಊರಿನ 11 ಗಂಟೆ ಅಂದರೆ ಯುಎಇಯಲ್ಲಿ 9.30, ಕುವೈತ್, ಕತಾರ್, ಸೌದಿಯಲ್ಲಿ 8.30. ಕುವೈತ್, ಕತಾರ್, ಸೌದಿಯಲ್ಲಿ ಭಾನುವಾರ ಕೆಲಸದ ದಿನ. ಡ್ಯೂಟಿಯಲ್ಲಿದ್ದು ಫೋನ್ ಎತ್ತಲು ಆಗದವರು ಮನೆಯವರಿಗೆ ಈ ಮೂರು ಉತ್ತರ ಹೇಳಿಕೊಟ್ಟಿರಿ.

“ಬ್ಯಾಟರಿಗೆ ಬೆಂಕಿ ಬಿದ್ದರೆ?” ಈ ಭಯ ಸುಮ್ಮನೆ ಹುಟ್ಟಿದ್ದಲ್ಲ, 2022ರಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದಿತ್ತು. ಅದಾದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ತಂದರು. ನಿಮ್ಮ ಗಾಡಿ ಅದರ ನಂತರ ತಯಾರಾಗಿದ್ದರೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ತೋರಿಸಿ. ಅದಕ್ಕೂ ಹಳೆಯದಾಗಿದ್ದರೆ ಮುಚ್ಚಿಡಬೇಡಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ, ಆ ಚೀಟಿ ಲಗತ್ತಿಸಿ. ಬೆಂಕಿಯೇ ಬೀಳೋದಿಲ್ಲ ಅಂತ ಯಾರೂ ಬರೆದುಕೊಡಲಾರರು. ಒಳ್ಳೆಯ ಪಾಯಿಂಟ್ ವೈರಿಂಗಿನಿಂದ ಬರುವ ಬೆಂಕಿಯನ್ನು ತಡೆಯುತ್ತೆ, ಬ್ಯಾಟರಿಯೊಳಗಿನ ದೋಷವನ್ನಲ್ಲ. ಗಾಡಿ ಬಿದ್ದು ಪೆಟ್ಟಾಗಿದ್ದರೆ, ನೀರಲ್ಲಿ ಮುಳುಗಿದ್ದರೆ, ತೋರಿಸುವ ತನಕ ಚಾರ್ಜ್‌ಗೆ ಹಾಕಬಾರದು ಅಂತ ಮನೆಯವರಿಗೂ ಹೇಳಿ.

“ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ.” ಕೇಳಲಿ. ಪ್ರತಿಯೊಬ್ಬರೂ ಅವರವರ ಮೀಟರಿನಿಂದ, ಇದೇ ರೀತಿಯ ಎಂಸಿಬಿ, ಆರ್‌ಸಿಸಿಬಿ ಹಾಕಿ, ಇದೇ ಪೈಪ್ ದಾರಿಯಲ್ಲಿ ಮಾಡಿಸಬೇಕು ಅಂತ ಕಮಿಟಿ ಒಂದು ನಿಯಮ ಬರೆದಿಟ್ಟುಕೊಳ್ಳಬಹುದು. ನಿಮ್ಮ ಪತ್ರವೇ ಅದಕ್ಕೆ ಮಾದರಿ. ಇಡೀ ಕಟ್ಟಡದ ಲೋಡ್ ಬಗ್ಗೆ ಆತಂಕ ಇದ್ದರೆ ಲೆಕ್ಕ ಹಾಕಿ ತೋರಿಸಿ: 32 ಮನೆಯವರೂ ಒಂದೇ ಹೊತ್ತಿಗೆ ಸ್ಕೂಟರ್ ಚಾರ್ಜ್‌ಗೆ ಹಾಕಿದರೂ 24 ಕಿಲೋವ್ಯಾಟ್. ರಾತ್ರಿ 11ರ ಮೇಲೆ ಅಂತ ಸಮಯ ಇಟ್ಟರೆ ಗೀಸರ್ ಹೊತ್ತಿನ ಜೊತೆ ಡಿಕ್ಕಿ ಆಗೋದಿಲ್ಲ. ಅಷ್ಟೂ ಜನ ಹಾಕುವ ಕಾಲ ಬಂದಾಗ ಟ್ರಾನ್ಸ್‌ಫಾರ್ಮರ್ ತಾಳುತ್ತಾ ಅಂತ ಬೆಸ್ಕಾಂ ಹತ್ತಿರ ಕೇಳಲೇಬೇಕು. ಒಂದೆರಡು ಪಾಯಿಂಟ್‌ಗೆ ಆ ಪ್ರಶ್ನೆ ಏಳೋದಿಲ್ಲ.

“ಬೇಡ” ಅಂದುಬಿಟ್ಟರೆ? ಜಗಳ ಬೇಡ. ಕಾರಣ ಬರವಣಿಗೆಯಲ್ಲಿ ಕೇಳಿ. ಪೈಪ್ ದಾರಿ ಸರಿಯಿಲ್ಲ ಅಂದರೆ ದಾರಿ ಬದಲಿಸಿ. ಜಾಗ ಸರಿಯಿಲ್ಲ ಅಂದರೆ ಬೇರೆ ಮೂಲೆ ತೋರಿಸಿ. ಕಾರಣವನ್ನೇ ಕೊಡದಿದ್ದರೆ ಮುಂದಿನ ಸರ್ವ ಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿ ಅಂತ ಅದೇ ಇ-ಮೇಲ್‌ಗೆ ಉತ್ತರವಾಗಿ ಬರೆಯಿರಿ. ಹೊಸ ಇ-ಮೇಲ್ ಬೇಡ; ಎಲ್ಲ ಒಂದೇ ಸಾಲಿನಲ್ಲಿ ಇದ್ದರೆ ಮುಂದೆ ಯಾರಿಗೆ ತೋರಿಸಬೇಕಾದರೂ ಸುಲಭ. ಒಪ್ಪಿಗೆ ಸಿಗುವ ತನಕ ಪ್ಯಾನೆಲ್ ರೂಮಿನ ಬೀಗ ತೆಗೆಸಿ ಕೆಲಸ ಮಾಡಿಸುವ ಯೋಚನೆ ಮಾತ್ರ ಬೇಡ.

ಕೆಲಸ ಆದ ದಿನ

ಕೊನೆಯ ಕಂತು ಕೊಡುವ ಮುಂಚೆ ಎರಡು ವಿಡಿಯೊ ತರಿಸಿಕೊಳ್ಳಿ. ಒಂದರಲ್ಲಿ ಎಲೆಕ್ಟ್ರಿಷಿಯನ್ ಹೊಸ ಪಾಯಿಂಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ತೋರಿಸಬೇಕು: ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಮಾತ್ರ. ಫೇಸ್‌ನಿಂದ ಅರ್ಥ್‌ಗೆ 100, 120 ಅಂತ ಬಂದರೆ ಅರ್ಥ್ ವೈರ್ ಎಲ್ಲೋ ಸೇರಿಲ್ಲ ಅಂತ ಅರ್ಥ. ಇನ್ನೊಂದರಲ್ಲಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಟಕ್ಕಂತ ಬೀಳೋದು ಕಾಣಬೇಕು. ಕಾಂಟ್ರಾಕ್ಟರ್ ಬಿಲ್ ನಿಮ್ಮ ಹೆಸರಿಗೆ, ಫ್ಲ್ಯಾಟ್ ನಂಬರ್ ಸಹಿತ ಇರಲಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಬಿಲ್ಲು, ಟೆಸ್ಟ್ ವರದಿ, ಅಸೋಸಿಯೇಷನ್ ಒಪ್ಪಿಗೆಯ ಇ-ಮೇಲ್ ಮೂರನ್ನೂ ಒಂದೇ ಕಡೆ ಇಟ್ಟುಕೊಳ್ಳಿ. ಕಮಿಟಿ ಬದಲಾದಾಗ “ಇದಕ್ಕೆ ಯಾರು ಪರ್ಮಿಷನ್ ಕೊಟ್ಟದ್ದು?” ಅನ್ನುವ ಪ್ರಶ್ನೆ ಬಂದೇ ಬರುತ್ತೆ.

ಆಮೇಲೆ ಮನೆಯವರ ಪಾಲಿಗೆ ಉಳಿಯೋದು ಎರಡೇ ಕೆಲಸ. ತಿಂಗಳಿಗೊಮ್ಮೆ ಆ ಟೆಸ್ಟ್ ಬಟನ್ ಒತ್ತಿ ನೋಡೋದು. ಚಾರ್ಜ್ ಆದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದಾಗ ಅದು ಬಿಸಿ ಇದೆಯಾ ಅಂತ ಕೈಯಿಟ್ಟು ನೋಡೋದು. ಬೆಚ್ಚಗಿದ್ದರೆ ಪರವಾಗಿಲ್ಲ; ಸುಡುವಂತಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ನ ಕರೆಸಬೇಕು.